ಹೊಟ್ಟೆಯುಬ್ಬರದ ಹಿಂದೆ ಅಡಗಿರುವ ಅಂಡಾಶಯದ ಕ್ಯಾನ್ಸರ್

ಲಂಗದ ಲಾಡಿ ಬಿಗಿಯಾಗುತ್ತಿದೆ ಎಂದು ಐವತ್ತು ದಾಟಿದ ತಾಯಿಯೊಬ್ಬರು ಹೇಳಿದರೆ ನೀವು ಏನು ಹೇಳುತ್ತೀರಿ? 'ವಯಸ್ಸಾಯಿತಲ್ಲ ಉಮ್ಮ, ಸ್ವಲ್ಪ ದಪ್ಪ ಆಗಿದ್ದೀರಿ' ಎನ್ನುತ್ತೀರಿ. ಅರ್ಧ ರೊಟ್ಟಿ ತಿನ್ನುವಷ್ಟರಲ್ಲಿ ಹೊಟ್ಟೆ ತುಂಬಿತು ಎಂದರೆ 'ಗ್ಯಾಸ್ಟ್ರಿಕ್ ಇರಬೇಕು' ಎನ್ನುತ್ತೀರಿ. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಎದ್ದರೆ 'ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸೋಣ' ಎನ್ನುತ್ತೀರಿ. ಮೂರೂ ಸಹಜವಾದ ಮಾತುಗಳೇ. ಆದರೆ ಅಂಡಾಶಯದ ಕ್ಯಾನ್ಸರ್ ಮನೆಯೊಳಗೆ ಬಂದು ಕೂರುವುದು ಇದೇ ಮೂರು ಮಾತುಗಳ ಮರೆಯಲ್ಲಿ.

ಈ ಲೇಖನದಲ್ಲಿ ಒಬ್ಬ ಮಹಿಳೆಯ ದಾರಿಯನ್ನು ಹಿಡಿದು ಹೋಗೋಣ. ನರಸಿಂಹರಾಜಪುರ, ಕೊಪ್ಪ ಭಾಗದ ಶೆಟ್ಟಿಕೊಪ್ಪದಲ್ಲಿ ವಾಸಿಸುವ, 56 ವರ್ಷದ, ಮುಟ್ಟು ನಿಂತು ಆರು ವರ್ಷವಾದ, ಮೂರು ಮಕ್ಕಳ ತಾಯಿ ಎಂದಿಟ್ಟುಕೊಳ್ಳಿ. ಇವರು ಒಬ್ಬ ನಿಜವಾದ ವ್ಯಕ್ತಿಯಲ್ಲ. ವಿಷಯ ಅರ್ಥವಾಗಲೆಂದು ಕಟ್ಟಿಕೊಂಡ ಉದಾಹರಣೆ. ಆದರೆ ಅವರ ಹೊಟ್ಟೆಯೊಳಗೆ ನಡೆಯುವುದು, ಆಸ್ಪತ್ರೆಯಲ್ಲಿ ನಡೆಯುವುದು ಎಲ್ಲವೂ ಈ ಕಾಯಿಲೆಯಲ್ಲಿ ನಿಜವಾಗಿ ನಡೆಯುವಂಥದ್ದೇ. ಅವರನ್ನು ಇಲ್ಲಿ ಉಮ್ಮ ಎಂದೇ ಕರೆಯೋಣ.

ಜನವರಿಯಲ್ಲಿ ಅಡಿಕೆ ಸುಲಿಯುವ ಗಡಿಬಿಡಿ. ಕೂತು ಎದ್ದರೆ ಹೊಟ್ಟೆ ಬಿಗಿ ಎನ್ನಿಸತೊಡಗಿತು. ಉಮ್ಮ ಜೀರಿಗೆ ಕಷಾಯ ಕುಡಿದರು. ಅಂಗಡಿಯಿಂದ ಗ್ಯಾಸ್ಟ್ರಿಕ್ ಮಾತ್ರೆ ತರಿಸಿದರು. ಎರಡು ದಿನ ಹಗುರ ಎನ್ನಿಸಿತು, ಮತ್ತೆ ಅದೇ. ಫೆಬ್ರವರಿಯಲ್ಲಿ ಡಾಕ್ಟರರು ಬೇರೆ ಗ್ಯಾಸ್ಟ್ರಿಕ್ ಮಾತ್ರೆ ಬರೆದುಕೊಟ್ಟರು. ಮಾರ್ಚ್ ಹೊತ್ತಿಗೆ ಮುಖ, ತೋಳು ಇಳಿದಿದ್ದವು, ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ಮದುವೆ ಮನೆಯಲ್ಲಿ ಯಾರೋ ನೋಡಿ 'ಏನು, ಹೀಗೆ ಸೊರಗಿದ್ದೀರಿ' ಎಂದ ಮೇಲೆಯೇ ಮಗಳು ಸ್ಕ್ಯಾನಿಂಗ್‌ಗೆ ಕರೆದೊಯ್ದಳು.

ಮೂರು ತಿಂಗಳು ಹೋಯಿತು. ಇದರಲ್ಲಿ ಯಾರ ತಪ್ಪೆಂದು ಹುಡುಕುವ ಮೊದಲು, ಈ ಕಾಯಿಲೆ ತಡವಾಗಿ ಸಿಗುವುದಕ್ಕೆ ದೇಹದೊಳಗೇ ಇರುವ ಕಾರಣಗಳನ್ನು ತಿಳಿದುಕೊಳ್ಳಬೇಕು.

ಅಂಡಾಶಯ ಒಂದು ಬಾದಾಮಿಯಷ್ಟು, ಸುಮಾರು ಮೂರು ಸೆಂಟಿಮೀಟರ್ ಉದ್ದದ ಅಂಗ. ಗರ್ಭಕೋಶದ ಎರಡೂ ಬದಿಯಲ್ಲಿ, ಕಿಬ್ಬೊಟ್ಟೆಯ ಆಳದಲ್ಲಿ ಒಂದೊಂದು. ಸ್ತನದಲ್ಲಿ ಗಂಟು ಬಂದರೆ ಕೈಗೆ ಸಿಗುತ್ತದೆ. ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬಂದರೆ ರಕ್ತಸ್ರಾವವಾದರೂ ಆಗುತ್ತದೆ. ಅಂಡಾಶಯದ ಸುತ್ತ ಖಾಲಿ ಜಾಗವಿದೆ, ಪಕ್ಕದಲ್ಲಿ ಮೃದುವಾದ ಕರುಳಿದೆ. ಗಡ್ಡೆ ನಿಂಬೆಹಣ್ಣಿನಷ್ಟಾದರೂ ಯಾವುದನ್ನೂ ಒತ್ತುವುದಿಲ್ಲ, ನೋವೂ ಕೊಡುವುದಿಲ್ಲ.

ಇನ್ನೊಂದು ಕಾರಣ ಹೆಚ್ಚು ಮುಖ್ಯ. ಈ ಕ್ಯಾನ್ಸರ್‌ನ ಅತಿ ಸಾಮಾನ್ಯವಾದ, ವೇಗವಾಗಿ ಬೆಳೆಯುವ ಬಗೆ ಅನೇಕ ಸಲ ಅಂಡಾಶಯದಲ್ಲಿ ಹುಟ್ಟುವುದೇ ಇಲ್ಲ. ಅಂಡಾಶಯಕ್ಕೆ ತಾಗಿಕೊಂಡಿರುವ ಅಂಡನಾಳದ ತುದಿಯಲ್ಲಿ, ಜಾಲರಿಯಂತಿರುವ ಭಾಗದಲ್ಲಿ ಹುಟ್ಟುತ್ತದೆ ಎಂಬುದು ಈಗಿನ ತಿಳಿವಳಿಕೆ. ಆ ತುದಿ ಹೊಟ್ಟೆಯ ಒಳಾಂಗಣಕ್ಕೆ ತೆರೆದುಕೊಂಡಿದೆ. ಅಲ್ಲಿನ ಕೆಟ್ಟ ಕಣಗಳು ಉದುರಿ, ಹೊಟ್ಟೆಯೊಳಗೆ ಯಾವಾಗಲೂ ಇರುವ ತೆಳು ದ್ರವದಲ್ಲಿ ತೇಲಿಹೋಗುತ್ತವೆ. ಆ ದ್ರವ ಉಸಿರಾಟದ ಏರಿಳಿತಕ್ಕೆ ಮೇಲಕ್ಕೆ ಹರಿದು, ಎದೆ ಮತ್ತು ಹೊಟ್ಟೆಯನ್ನು ಬೇರ್ಪಡಿಸುವ ವಪೆಯ ತನಕ ಮುಟ್ಟುತ್ತದೆ. ಕಣಗಳು ದಾರಿಯಲ್ಲಿ ಎಲ್ಲಿ ಬೇಕಾದರೂ ಕೂರುತ್ತವೆ. ಕರುಳಿನ ಮುಂದೆ ಏಪ್ರನ್‌ನಂತೆ ಇಳಿಬಿದ್ದಿರುವ ಕೊಬ್ಬಿನ ಪದರವೊಂದಿದೆ, ಓಮೆಂಟಮ್ ಎನ್ನುತ್ತಾರೆ. ಕಣಗಳಿಗೆ ಅದು ಬಹಳ ಇಷ್ಟದ ಜಾಗ. ಹಾಗಾಗಿ ಮೂಲ ಗಡ್ಡೆ ಇನ್ನೂ ಚಿಕ್ಕದಿರುವಾಗಲೇ ಹೊಟ್ಟೆಯ ಒಳಗೋಡೆಯ ಮೇಲೆ ಕಾಳುಕಾಳಾಗಿ ಬೀಜ ಬಿತ್ತಿಯಾಗಿರುತ್ತದೆ. ರಾಗಿ ಚೆಲ್ಲಿದಂತೆ ಎಂದು ಭಾವಿಸಿಕೊಳ್ಳಿ.

ಹೊಟ್ಟೆಯುಬ್ಬರ, ಬೇಗ ಹೊಟ್ಟೆ ತುಂಬುವುದು ಬರುವುದು ಈ ಬಿತ್ತನೆಯಿಂದ. ಒಳಪೊರೆ ಕೆರಳಿ ನೀರು ಒಸರುತ್ತದೆ, ಹೋಗುವ ದಾರಿ ಮುಚ್ಚಿ ಆ ನೀರು ನಿಲ್ಲುತ್ತದೆ. ಓಮೆಂಟಮ್ ದಪ್ಪಗಾಗಿ ಜಠರವನ್ನು ಒತ್ತುತ್ತದೆ. ಅಂದರೆ ಲಕ್ಷಣ ಗೊತ್ತಾಗುವ ಹೊತ್ತಿಗೆ ಕಾಯಿಲೆ ಬಹಳ ಮಂದಿಯಲ್ಲಿ ಮೂರನೇ ಹಂತದಲ್ಲಿರುತ್ತದೆ. ನಾಲ್ವರಲ್ಲಿ ಸುಮಾರು ಮೂವರಿಗೆ ಮೂರನೇ ಅಥವಾ ನಾಲ್ಕನೇ ಹಂತದಲ್ಲೇ ರೋಗ ಪತ್ತೆಯಾಗುತ್ತದೆ. ಅಂಡಾಶಯದೊಳಗೇ ಇರುವಾಗ ಸಿಕ್ಕಿದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಐದು ವರ್ಷ ದಾಟಿ ಬದುಕಿರುತ್ತಾರೆ. ಮೂರನೇ ಹಂತದಲ್ಲಿ ಆ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ.

ಹಾಗಾದರೆ ಎಲ್ಲ ಹೆಂಗಸರಿಗೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿದರಾಗದೇ ಎಂದು ನೀವು ಕೇಳಬಹುದು. ಅದನ್ನೂ ಮಾಡಿ ನೋಡಿದ್ದಾರೆ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಗುಂಪುಗಳಾಗಿ ಮಾಡಿ, ಕೆಲವರಿಗೆ ವರ್ಷವರ್ಷ ಸಿಎ 125 ಎಂಬ ರಕ್ತ ಪರೀಕ್ಷೆ, ಕೆಲವರಿಗೆ ಸ್ಕ್ಯಾನಿಂಗ್ ಮಾಡಿದರು. ಉಳಿದವರಿಗೆ ಏನೂ ಮಾಡಲಿಲ್ಲ. 2021ರಲ್ಲಿ ಬಂದ ಕೊನೆಯ ಫಲಿತಾಂಶ ನಿರಾಶೆಯದು: ಪರೀಕ್ಷೆ ಮಾಡಿಸಿಕೊಂಡವರಲ್ಲಿ ಈ ಕ್ಯಾನ್ಸರ್‌ನಿಂದ ಸಾಯುವವರ ಸಂಖ್ಯೆ ಕಡಿಮೆಯಾಗಲಿಲ್ಲ. ಗರ್ಭಕೋಶದ ಬಾಯಿಗೆ ಮಾಡುವ ಪ್ಯಾಪ್ ಪರೀಕ್ಷೆ ಒಳ್ಳೆಯದೇ, ಆದರೆ ಅದು ಅಂಡಾಶಯದ ಬಗ್ಗೆ ಏನನ್ನೂ ಹೇಳುವುದಿಲ್ಲ. 'ಪ್ಯಾಪ್ ನಾರ್ಮಲ್ ಬಂದಿದೆ' ಎಂದು ಹೊಟ್ಟೆಯುಬ್ಬರವನ್ನು ಮರೆತವರಿದ್ದಾರೆ.

ಆದ್ದರಿಂದ ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಲಕ್ಷಣಗಳ ಲೆಕ್ಕ ಮಾತ್ರ. ಹೊಟ್ಟೆಯುಬ್ಬರ ಯಾರಿಗೆ ಬರುವುದಿಲ್ಲ? ಬಿರಿಯಾನಿ ತಿಂದ ರಾತ್ರಿ ಎಲ್ಲರಿಗೂ ಬರುತ್ತದೆ, ಬೆಳಿಗ್ಗೆ ಹೋಗುತ್ತದೆ. ಹುಷಾರಾಗಬೇಕಾದದ್ದು ಹೊಸದಾಗಿ ಶುರುವಾಗಿ, ಬಂದು ಹೋಗದೆ ನಿಂತುಬಿಡುವ ತೊಂದರೆಗೆ. ಹೊಟ್ಟೆಯುಬ್ಬರ, ಸ್ವಲ್ಪ ತಿಂದರೆ ಸಾಕೆನಿಸುವುದು, ಕಿಬ್ಬೊಟ್ಟೆ ನೋವು, ಪದೇಪದೇ ಮೂತ್ರದ ಅವಸರ, ಇವುಗಳಲ್ಲಿ ಯಾವುದಾದರೂ ಒಂದು ತಿಂಗಳಲ್ಲಿ ಹನ್ನೆರಡು ದಿನಕ್ಕಿಂತ ಹೆಚ್ಚು ಇದ್ದರೆ, ಅದು ಶುರುವಾಗಿ ಒಂದು ವರ್ಷದೊಳಗಾಗಿದ್ದರೆ, ಸ್ಕ್ಯಾನಿಂಗ್ ಮಾಡಿಸಲು ಅದೇ ಸಾಕಷ್ಟು ಕಾರಣ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಡಾಕ್ಟರರ ಮುಂದೆ 'ಯಾವಾಗಲೂ ಉಬ್ಬರ' ಎನ್ನುವುದಕ್ಕಿಂತ 'ಕಳೆದ ತಿಂಗಳು ಹದಿನೆಂಟು ದಿನ' ಎನ್ನುವುದು ಹೆಚ್ಚು ಕೆಲಸ ಮಾಡುತ್ತದೆ. ಐವತ್ತು ದಾಟಿದ ಮೇಲೆ ಮೊದಲ ಸಲ ಬಂದ 'ಗ್ಯಾಸ್ಟ್ರಿಕ್' ಎರಡು ಮೂರು ವಾರದ ಮಾತ್ರೆಗೆ ಜಗ್ಗದಿದ್ದರೆ ಮಾತ್ರೆ ಬದಲಿಸುವುದಲ್ಲ, ಹೊಟ್ಟೆಯೊಳಗೆ ನೋಡಬೇಕು.

ನಮ್ಮ ಮನೆಗಳಲ್ಲಿ ಇನ್ನೊಂದು ತಡವಿದೆ, ಅದನ್ನು ಹೇಳದೆ ಬಿಡುವುದು ಸರಿಯಲ್ಲ. ಕಿಬ್ಬೊಟ್ಟೆಯ ವಿಷಯವನ್ನು ಗಂಡನಿಗೂ ಹೇಳದ, ಮಗನ ಜೊತೆ ಡಾಕ್ಟರ ಬಳಿ ಹೋಗಿ 'ಹೊಟ್ಟೆ ನೋವು' ಎಂದಷ್ಟೇ ಹೇಳಿ ಬರುವ ತಾಯಂದಿರು ಬಹಳ. ಮಗನನ್ನು ಹೊರಗೆ ಕೂರಿಸಿ ಮಗಳೋ ಸೊಸೆಯೋ ಒಳಗೆ ಹೋಗಲಿ. ಮಹಿಳಾ ವೈದ್ಯರು ಬೇಕೆಂದು ಕೇಳಿ. ಸ್ತ್ರೀರೋಗ ವಿಭಾಗದಲ್ಲಿ ಸಾಮಾನ್ಯವಾಗಿ ಮಹಿಳಾ ವೈದ್ಯರು ಸಿಗುತ್ತಾರೆ. ಮೊದಲ ಸ್ಕ್ಯಾನಿಂಗ್ ಹೊಟ್ಟೆಯ ಮೇಲಿನಿಂದಲೇ ಆಗುತ್ತದೆ.

ಉಮ್ಮನ ಸ್ಕ್ಯಾನಿಂಗ್ ವರದಿಗೆ ಬರೋಣ. ಬಲ ಅಂಡಾಶಯದಲ್ಲಿ ಎಂಟು ಸೆಂಟಿಮೀಟರ್, ಎಡದಲ್ಲಿ ಐದು ಸೆಂಟಿಮೀಟರ್ ಗಡ್ಡೆ, ಒಳಗೆ ಗಟ್ಟಿ ಭಾಗಗಳು, ಹೊಟ್ಟೆಯಲ್ಲಿ ನೀರು. ರಕ್ತದಲ್ಲಿ ಸಿಎ 125 ಪ್ರಮಾಣ 840. ಮಾಮೂಲಿಯಾಗಿ ಅದು 35ರ ಒಳಗಿರಬೇಕು. ಆದರೆ ಇದೊಂದು ಸಂಖ್ಯೆ ನೋಡಿ ಕ್ಯಾನ್ಸರ್ ಎನ್ನುವಂತಿಲ್ಲ. ಮುಟ್ಟಿನ ಸಮಯದಲ್ಲಿ, ಬಸುರಿಯಲ್ಲಿ, ಗರ್ಭಕೋಶದ ಫೈಬ್ರಾಯಿಡ್ ಗಡ್ಡೆಯಲ್ಲಿ, ಹೊಟ್ಟೆಯ ಕ್ಷಯದಲ್ಲಿಯೂ ಅದು ಏರುತ್ತದೆ. ಮೊದಲ ಹಂತದ ಕ್ಯಾನ್ಸರ್ ಇರುವ ಸುಮಾರು ಅರ್ಧ ಮಂದಿಯಲ್ಲಿ ಏರುವುದೇ ಇಲ್ಲ. ಹಾಗಾಗಿ ವೈದ್ಯರು ಮೂರು ವಿಷಯಗಳನ್ನು ಗುಣಿಸುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ಅನುಮಾನದ ಗುರುತು ಎರಡು ಅಥವಾ ಹೆಚ್ಚಿದ್ದರೆ 3 ಅಂಕ. ಮುಟ್ಟು ನಿಂತಿದ್ದರೆ 3 ಅಂಕ. ಅದನ್ನು ಸಿಎ 125 ಸಂಖ್ಯೆಯಿಂದ ಗುಣಿಸಿದರೆ ಉಮ್ಮನಿಗೆ ಬರುವುದು 3 × 3 × 840, ಅಂದರೆ 7560. ಇದು 200 ದಾಟಿದರೆ (ಕೆಲವು ಕಡೆ 250 ಎಂದು ಹಿಡಿಯುತ್ತಾರೆ) ಸಾಮಾನ್ಯ ಆಸ್ಪತ್ರೆಯಲ್ಲಿ ಗಡ್ಡೆಗೆ ಕೈಹಾಕದೆ, ಕ್ಯಾನ್ಸರ್ ಶಸ್ತ್ರವೈದ್ಯರಿರುವ ಕಡೆ ಕಳಿಸಬೇಕು.

ಇಲ್ಲಿ ಒಂದು ಎಚ್ಚರಿಕೆ. 'ಒಂದು ಗಡ್ಡೆ ಇದೆ, ತೆಗೆದುಬಿಡೋಣ' ಎಂದು ಹತ್ತಿರದ ಆಸ್ಪತ್ರೆಯಲ್ಲಿ ಸಣ್ಣ ಆಪರೇಷನ್ ಮಾಡಿಸಿಕೊಳ್ಳುವುದು ಅನುಕೂಲವೆಂದೇ ತೋರುತ್ತದೆ. ಆದರೆ ಅಂಡಾಶಯದೊಳಗೆ ಮುಚ್ಚಿಟ್ಟಂತಿರುವ ಕ್ಯಾನ್ಸರ್ ಗಡ್ಡೆಗೆ ಸೂಜಿ ಚುಚ್ಚಿ ನೀರು ಎಳೆದರೆ, ಅಥವಾ ತೆಗೆಯುವಾಗ ಅದು ಒಡೆದರೆ, ಕಣಗಳು ಹೊಟ್ಟೆಯೊಳಗೆ ಚೆಲ್ಲುತ್ತವೆ. ಗುಣವಾಗಬಹುದಾದ ಮೊದಲ ಹಂತದ ಕಾಯಿಲೆ ಅಲ್ಲಿಯೇ ಒಂದು ಮೆಟ್ಟಿಲು ಮೇಲೇರುತ್ತದೆ. ಈಗಾಗಲೇ ಹೊಟ್ಟೆಯಲ್ಲಿ ನೀರು ತುಂಬಿ ಹರಡಿದ್ದರೆ ಆ ನೀರನ್ನು ತೆಗೆದು ಪರೀಕ್ಷಿಸುವುದರಲ್ಲಿ ತೊಂದರೆಯಿಲ್ಲ. ಈ ಎರಡರ ವ್ಯತ್ಯಾಸ ನಿಮಗೆ ಗೊತ್ತಿರಲಿ.

ಉಮ್ಮನಂಥವರು ನಮ್ಮ ಕಡೆಯಿಂದ ಶಿವಮೊಗ್ಗಕ್ಕೆ, ಘಟ್ಟ ಇಳಿದು ಮಣಿಪಾಲಕ್ಕೆ ಅಥವಾ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುತ್ತಾರೆ. ಸ್ವಾತಂತ್ರ್ಯ ಹೋರಾಟಗಾರರೂ ಕೇಂದ್ರ ಸಚಿವರೂ ಆಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನ ಈ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ 1973ರಲ್ಲಿ ಶುರುವಾಯಿತು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂ. ತನಕ ನೆರವಿದೆ. ಎಪಿಎಲ್ ಕಾರ್ಡಿನವರಿಗೆ ನಿಗದಿಯಾದ ವೆಚ್ಚದ ಶೇಕಡಾ 30ರಷ್ಟು ಸಿಗುತ್ತದೆ. ಹೊರಡುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕಾಗುತ್ತದೆಯೇ ಎಂದು ವಿಚಾರಿಸಿ. ರೇಷನ್ ಕಾರ್ಡ್, ಆಧಾರ್, ಸ್ಕ್ಯಾನಿಂಗ್‌ನ ಮೂಲ ಚಿತ್ರಗಳನ್ನು ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ. ಊರಿಗೆ ಮರಳಿ ಕಾಗದ ತರುವುದೆಂದರೆ ಒಂದು ವಾರ ಹೋದಂತೆ.

ದೊಡ್ಡ ಆಸ್ಪತ್ರೆಯಲ್ಲಿ ಉಮ್ಮನಿಗೆ ಸಿಟಿ ಸ್ಕ್ಯಾನ್ ಆಯಿತು. ಓಮೆಂಟಮ್ ಗಟ್ಟಿಯಾದ ಹಲಗೆಯಂತಾಗಿದೆ, ವಪೆಯ ಕೆಳಗೆ ಕಾಳುಗಳಿವೆ. ಇದು ಮೂರನೇ ಹಂತ. ಆದರೂ ವೈದ್ಯರು ಆ ಓಮೆಂಟಮ್‌ನಿಂದ ಸೂಜಿಯಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಇದನ್ನು ಬಿಡಬಾರದು. ನಮ್ಮ ದೇಶದಲ್ಲಿ ಹೊಟ್ಟೆಯ ಕ್ಷಯ ಸಾಮಾನ್ಯ. ಅದರಲ್ಲಿಯೂ ಹೊಟ್ಟೆಯಲ್ಲಿ ನೀರು, ಪೊರೆಯ ಮೇಲೆ ಕಾಳು, ಏರಿದ ಸಿಎ 125, ಇಳಿದ ತೂಕ, ಎಲ್ಲವೂ ಹೀಗೆಯೇ ಇರುತ್ತವೆ. ಚೂರು ಪರೀಕ್ಷೆಯಿಲ್ಲದೆ ಕ್ಷಯದ ಮಾತ್ರೆ ನುಂಗುತ್ತಾ ಕ್ಯಾನ್ಸರ್ ಬೆಳೆಸಿಕೊಂಡವರೂ, ಕ್ಷಯವಿದ್ದು ಕ್ಯಾನ್ಸರ್ ಎಂದು ಹೆದರಿದವರೂ ಇದ್ದಾರೆ. ಉಮ್ಮನ ವರದಿ ಕ್ಯಾನ್ಸರ್ ಎಂದಿತು.

ಈಗ ಆಪರೇಷನ್ ವಿಷಯ. ಕ್ಯಾನ್ಸರ್ ಹರಡಿಬಿಟ್ಟರೆ ಆಪರೇಷನ್ ಏಕೆ ಎಂಬುದು ಬಹಳ ಮನೆಗಳಲ್ಲಿ ಏಳುವ ಪ್ರಶ್ನೆ. ಬೇರೆ ಅನೇಕ ಕ್ಯಾನ್ಸರ್‌ಗಳಲ್ಲಿ ಆ ಪ್ರಶ್ನೆ ಸರಿಯೇ. ಅಂಡಾಶಯದ ಕ್ಯಾನ್ಸರ್ ಬೇರೆ ರೀತಿಯದು. ಅದು ಬಹುಕಾಲ ಹೊಟ್ಟೆಯ ಒಳಮೈ ಮೇಲೆಯೇ ಇರುತ್ತದೆ, ಮತ್ತು ಪ್ಲಾಟಿನಂ ಔಷಧಿಗೆ ಚೆನ್ನಾಗಿ ಬಗ್ಗುತ್ತದೆ. ಆದರೆ ಔಷಧಿ ರಕ್ತದ ಮೂಲಕವೇ ಹೋಗಬೇಕು. ದೊಡ್ಡ ಗಡ್ಡೆಯ ನಡುವೆ ರಕ್ತನಾಳ ಕಡಿಮೆ, ಅಲ್ಲಿಗೆ ಔಷಧಿ ಸರಿಯಾಗಿ ಮುಟ್ಟುವುದಿಲ್ಲ. ಅಲ್ಲಿನ ಕಣಗಳು ಬೆಳೆಯದೆ ಮಲಗಿರುತ್ತವೆ, ಮಲಗಿರುವ ಕಣವನ್ನು ಈ ಔಷಧಿ ಅಷ್ಟಾಗಿ ಕೊಲ್ಲುವುದಿಲ್ಲ. ಗಡ್ಡೆ ದೊಡ್ಡದಾದಷ್ಟೂ ಔಷಧಿಗೆ ಜಗ್ಗದ ಕಣ ಒಂದಾದರೂ ಇರುವ ಸಾಧ್ಯತೆ ಹೆಚ್ಚು. ಹಾಗಾಗಿ ಕಣ್ಣಿಗೆ ಕಾಣುವುದನ್ನೆಲ್ಲ ಚಾಕುವಿನಿಂದ ತೆಗೆದು, ಕಣ್ಣಿಗೆ ಕಾಣದ್ದನ್ನು ಔಷಧಿಗೆ ಬಿಡುವುದು ಇಲ್ಲಿನ ಲೆಕ್ಕ.

ಎಷ್ಟು ತೆಗೆದರು ಎಂಬುದಕ್ಕಿಂತ ಎಷ್ಟು ಉಳಿಯಿತು ಎಂಬುದೇ ಮುಖ್ಯ. ಮೊದಲು ಒಂದು ಸೆಂಟಿಮೀಟರ್‌ಗಿಂತ ದೊಡ್ಡದು ಉಳಿಯದಿದ್ದರೆ ಸಾಕೆನ್ನುತ್ತಿದ್ದರು. ಈಗ ಗುರಿ ಕಣ್ಣಿಗೆ ಕಾಣುವ ಒಂದು ಕಾಳೂ ಉಳಿಯಬಾರದು ಎಂಬುದು. ಏನೂ ಉಳಿಯದವರು ಹೆಚ್ಚು ಕಾಲ ಬದುಕುತ್ತಾರೆ, ಸಾಕಷ್ಟು ಉಳಿದವರಿಗೆ ದೊಡ್ಡ ಆಪರೇಷನ್ ಮಾಡಿಸಿಕೊಂಡ ನೋವಿಗೆ ತಕ್ಕ ಪ್ರಯೋಜನ ಸಿಗುವುದಿಲ್ಲ. ಆದ್ದರಿಂದಲೇ ಇದು ಎಲ್ಲರೂ ಮಾಡುವ ಆಪರೇಷನ್ ಅಲ್ಲ.

ಉಮ್ಮನಿಗೆ ಆಪರೇಷನ್ ಮೊದಲು ಮಾಡಲಿಲ್ಲ. ರಕ್ತದ ಅಲ್ಬುಮಿನ್ 2.6ಕ್ಕೆ ಇಳಿದಿತ್ತು, ಊಟ ಸೇರುತ್ತಿರಲಿಲ್ಲ, ವಪೆಯ ಮೇಲಿನ ಕಾಳುಗಳು ಒಂದೇ ಸಲಕ್ಕೆ ಪೂರ್ತಿ ಬರುವಂತೆ ಕಾಣಲಿಲ್ಲ. ಇಂಥವರಿಗೆ ಮೂರು ಸಲ ಕಿಮೊಥೆರಪಿ ಕೊಟ್ಟು, ಕಾಯಿಲೆ ಕುಗ್ಗಿದ ಮೇಲೆ ಆಪರೇಷನ್ ಮಾಡಿ, ಮತ್ತೆ ಮೂರು ಸಲ ಕಿಮೊಥೆರಪಿ ಕೊಡುತ್ತಾರೆ. ಹೀಗೆ ಮಾಡಿದರೂ ಬದುಕುವ ಕಾಲ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಆಪರೇಷನ್ ನಂತರದ ತೊಂದರೆ ಕಡಿಮೆ ಎಂದು 2010 ಮತ್ತು 2015ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳು ತೋರಿಸಿವೆ. ದೇಹ ಗಟ್ಟಿಯಿದ್ದು ಎಲ್ಲವನ್ನೂ ತೆಗೆಯಬಹುದು ಎನ್ನಿಸಿದರೆ ಮೊದಲೇ ಆಪರೇಷನ್ ಮಾಡುವುದನ್ನು ಅನೇಕ ಶಸ್ತ್ರವೈದ್ಯರು ಇಂದಿಗೂ ಇಷ್ಟಪಡುತ್ತಾರೆ. 'ಆಪರೇಷನ್ ಮುಂದೂಡಿದರು, ಅಂದರೆ ಕೈಬಿಟ್ಟರು' ಎಂದು ಮನೆಯವರು ಅಳುವುದನ್ನು ಕಾಣುತ್ತೇವೆ. ಹಾಗಲ್ಲ.

ಪ್ಲಾಟಿನಂ ಎಂದರೆ ಒಡವೆ ಅಂಗಡಿಯಲ್ಲಿ ಕಾಣುವ ಅದೇ ಲೋಹ. 1965ರಲ್ಲಿ ಅಮೆರಿಕದ ವಿಜ್ಞಾನಿ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾ ಬೆಳೆಯುವ ದ್ರವಕ್ಕೆ ವಿದ್ಯುತ್ ಹರಿಸಿ ನೋಡುತ್ತಿದ್ದರು. ಬ್ಯಾಕ್ಟೀರಿಯಾ ಒಡೆದು ಎರಡಾಗದೆ ದಾರದಂತೆ ಉದ್ದವಾಗಿ ಬೆಳೆದವು. ಕಾರಣ ವಿದ್ಯುತ್ ಅಲ್ಲ, ವಿದ್ಯುತ್ ಹರಿಸಲು ಬಳಸಿದ ಪ್ಲಾಟಿನಂ ಸರಳಿನಿಂದ ಕರಗಿ ಬಂದ ವಸ್ತು. ಕಣ ಎರಡಾಗುವುದನ್ನು ತಡೆಯುವ ವಸ್ತು ಕ್ಯಾನ್ಸರನ್ನೂ ತಡೆಯಬಹುದಲ್ಲ ಎಂಬ ಯೋಚನೆಯಿಂದ ಸಿಸ್‌ಪ್ಲಾಟಿನ್ ಔಷಧಿ ಬಂತು. 1978ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದು ಮೂತ್ರಪಿಂಡಕ್ಕೆ, ಕಿವಿಗೆ ಹೆಚ್ಚು ಹಾನಿ ಮಾಡುತ್ತಿತ್ತು, ವಾಂತಿಯೂ ಜೋರು. ಅದರ ಸೌಮ್ಯ ತಮ್ಮನಂಥ ಕಾರ್ಬೋಪ್ಲಾಟಿನ್ ಈಗ ಅಂಡಾಶಯದ ಕ್ಯಾನ್ಸರ್‌ಗೆ ಮುಖ್ಯ ಔಷಧಿ. ಇದು ಕಣದ ಒಳಗಿನ ಡಿಎನ್ಎ ಎಳೆಗಳನ್ನು ಅಂಟಿಸಿಬಿಡುತ್ತದೆ. ಎಳೆ ಬಿಚ್ಚಿಕೊಳ್ಳದೆ ಕಣ ಎರಡಾಗಲಾರದು, ಸಾಯುತ್ತದೆ.

ಉಮ್ಮನಿಗೆ ಕಾರ್ಬೋಪ್ಲಾಟಿನ್ ಜೊತೆ ಪ್ಯಾಕ್ಲಿಟಾಕ್ಸೆಲ್ ಎಂಬ ಇನ್ನೊಂದು ಔಷಧಿ, ಮೂರು ವಾರಕ್ಕೊಮ್ಮೆ, ಒಂದು ದಿನ ಡ್ರಿಪ್‌ನಲ್ಲಿ. ಕಾರ್ಬೋಪ್ಲಾಟಿನ್ ಎಷ್ಟು ಕೊಡಬೇಕೆಂಬುದನ್ನು ತೂಕ ನೋಡಿ ಅಲ್ಲ, ಮೂತ್ರಪಿಂಡ ಎಷ್ಟು ಚೆನ್ನಾಗಿ ಶೋಧಿಸುತ್ತದೆ ಎಂದು ನೋಡಿ ನಿರ್ಧರಿಸುತ್ತಾರೆ, ಏಕೆಂದರೆ ಔಷಧಿ ಹೊರಹೋಗುವುದು ಬಹುಪಾಲು ಅಲ್ಲಿಂದಲೇ. ಉಮ್ಮನ ಮೂತ್ರಪಿಂಡ ನಿಮಿಷಕ್ಕೆ 65 ಮಿಲಿಲೀಟರ್ ಶೋಧಿಸುತ್ತಿತ್ತು. ಅದಕ್ಕೆ 25 ಕೂಡಿಸಿ, 5ರಿಂದ ಗುಣಿಸಿದರೆ 450 ಮಿಲಿಗ್ರಾಂ. ಆದ್ದರಿಂದಲೇ ಪ್ರತಿ ಸಲವೂ ಮೊದಲು ರಕ್ತ ಪರೀಕ್ಷೆ. ಬೇಸರಪಡಬೇಡಿ. ಹಳೆಯ ಲೆಕ್ಕದಲ್ಲೇ ಕೊಟ್ಟು ಮೂತ್ರಪಿಂಡ ಕುಗ್ಗಿದ್ದರೆ ಔಷಧಿ ಮೈಯಲ್ಲಿ ಉಳಿದು ರಕ್ತಕಣಗಳನ್ನು ಇಳಿಸಿಬಿಡುತ್ತದೆ.

ಮೊದಲ ಡ್ರಿಪ್ ಆದ ಎರಡು ಮೂರು ವಾರದಲ್ಲಿ ಕೂದಲು ಉದುರಿತು. ಅದು ಪ್ಯಾಕ್ಲಿಟಾಕ್ಸೆಲ್ ಕೆಲಸ, ಚಿಕಿತ್ಸೆ ಮುಗಿದ ಮೇಲೆ ಮತ್ತೆ ಬರುತ್ತದೆ. ಬೆರಳ ತುದಿ ಜೋಮು ಹಿಡಿಯುವುದೂ ಅದರಿಂದಲೇ. ಗುಂಡಿ ಹಾಕಲು, ಸೂಜಿಗೆ ದಾರ ಪೋಣಿಸಲು ಕಷ್ಟವಾದರೆ ತಪ್ಪದೆ ಡಾಕ್ಟರರಿಗೆ ಹೇಳಬೇಕು. ಹೆಂಗಸರು ಇದನ್ನು ಹೇಳುವುದಿಲ್ಲ, ಕೊನೆಗೆ ಅದು ಹಾಗೆಯೇ ಉಳಿದುಬಿಡುತ್ತದೆ. ಹೆಚ್ಚು ಅಪಾಯದ ದಿನಗಳು ಡ್ರಿಪ್‌ನ ನಂತರ ಸುಮಾರು ಹತ್ತರಿಂದ ಹದಿನಾಲ್ಕನೇ ದಿನ. ಆಗ ಸೋಂಕಿನ ವಿರುದ್ಧ ಹೋರಾಡುವ ಬಿಳಿರಕ್ತಕಣ ತೀರಾ ಇಳಿದಿರುತ್ತದೆ. ಮನೆಯಲ್ಲಿ ಥರ್ಮಾಮೀಟರ್ ಇರಲಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ರಾತ್ರಿ ಎರಡು ಗಂಟೆಯಾದರೂ, ಮಳೆ ಸುರಿಯುತ್ತಿದ್ದರೂ, ಹತ್ತಿರದ ಆಸ್ಪತ್ರೆಗೆ ಹೋಗಿ 'ಕಿಮೊಥೆರಪಿ ನಡೆಯುತ್ತಿದೆ' ಎಂದು ಮೊದಲ ಮಾತಿನಲ್ಲೇ ಹೇಳಿ. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯುವುದು ಜೀವಕ್ಕೆ ಮುಳುವಾಗಬಹುದು. ಮಲೆನಾಡಿನ ಮಳೆಗಾಲದಲ್ಲಿ ರಸ್ತೆಯ ಗತಿ ನಿಮಗೆ ಗೊತ್ತು. ವಾಹನ ಯಾರದ್ದು, ಯಾರು ಬರುತ್ತಾರೆ ಎಂದು ಮೊದಲೇ ಮಾತನಾಡಿಟ್ಟುಕೊಳ್ಳುವುದು ಒಳ್ಳೆಯದು.

ಉಮ್ಮನಿಗೆ ಚಿಕಿತ್ಸೆಯ ನಡುವೆ ರಮಝಾನ್ ಬಂತೆಂದಿಟ್ಟುಕೊಳ್ಳಿ. ಡ್ರಿಪ್ ತೆಗೆದುಕೊಳ್ಳುವ ದಿನಗಳಲ್ಲಿ ನೀರು ಕುಡಿಯದಿರುವುದು ಮೂತ್ರಪಿಂಡಕ್ಕೆ ಕಷ್ಟ, ವಾಂತಿಯಾದರೆ ಇನ್ನೂ ಕಷ್ಟ. ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಇರುವುದು ಮನೆಯ ಎಲ್ಲರಿಗೂ ಗೊತ್ತು. ಆದರೂ 'ಎಲ್ಲರೂ ಹಿಡಿದಿದ್ದಾರೆ, ನಾನೊಬ್ಬಳೇ ಹೇಗೆ' ಎಂದು ಗುಟ್ಟಾಗಿ ಹಿಡಿಯುವ ತಾಯಂದಿರಿದ್ದಾರೆ. ವೈದ್ಯರಿಗೆ ತಿಳಿಸದೆ ಹಿಡಿಯದಂತೆ ಮನೆಯವರೇ ನೋಡಿಕೊಳ್ಳಬೇಕು.

ಮೂರು ಡ್ರಿಪ್ ಆಗುವ ಹೊತ್ತಿಗೆ ಸಿಎ 125 ಪ್ರಮಾಣ 840ರಿಂದ 62ಕ್ಕೆ ಇಳಿದಿತ್ತು. ಹೊಟ್ಟೆಯ ನೀರು ಬತ್ತಿತ್ತು. ಒಂದು ದೋಸೆ ತಿನ್ನುತ್ತಿದ್ದವರು ಮೂರು ತಿನ್ನುತ್ತಿದ್ದರು. ಮೂರನೆಯ ಡ್ರಿಪ್ ಆಗಿ ನಾಲ್ಕು ವಾರಕ್ಕೆ ಆಪರೇಷನ್.

ಹೊಕ್ಕುಳ ಕೆಳಗಿನಿಂದ ಮೇಲಿನ ತನಕ, ಬೇಕಾದರೆ ಎದೆಗೂಡಿನ ತುದಿಯ ತನಕ, ನೇರವಾಗಿ ಹೊಟ್ಟೆ ತೆರೆಯುತ್ತಾರೆ. ಅಡ್ಡ ಸೀಳಿನಲ್ಲಿ ವಪೆ ಕಾಣುವುದಿಲ್ಲ, ಕಾಣದ್ದನ್ನು ತೆಗೆಯಲಾಗುವುದಿಲ್ಲ. ಮೊದಲು ಕರುಳನ್ನು ಗೇಣುಗೇಣಾಗಿ ಸರಿಸಿ ನೋಡುತ್ತಾರೆ. ಆಮೇಲೆ ಎರಡೂ ಅಂಡಾಶಯ, ಅಂಡನಾಳ, ಗರ್ಭಕೋಶ, ಓಮೆಂಟಮ್ ತೆಗೆಯುತ್ತಾರೆ. ಕಾಳು ಕೂತ ಪೊರೆಯನ್ನು ಹಣ್ಣಿನ ಸಿಪ್ಪೆಯಂತೆ ಸುಲಿಯುತ್ತಾರೆ. ಕೆಲವರಲ್ಲಿ ಕರುಳಿನ ತುಂಡು ತೆಗೆದು ಜೋಡಿಸಬೇಕಾಗುತ್ತದೆ. ಅಪರೂಪಕ್ಕೆ ಸ್ವಲ್ಪ ಕಾಲ ಹೊಟ್ಟೆಯ ಹೊರಗೆ ಚೀಲ ಇಡಬೇಕಾಗಬಹುದು. ಸಹಿ ಹಾಕುವ ಮುನ್ನ ಇದನ್ನು ಕೇಳಿ ತಿಳಿದುಕೊಂಡಿರಿ, ಎಚ್ಚರವಾದಾಗ ಆಘಾತವಾಗುವುದಿಲ್ಲ. ಸ್ಕ್ಯಾನ್‌ನಲ್ಲೂ ಕಣ್ಣಿಗೂ ಮಾಮೂಲಿ ಎನಿಸುವ ದುಗ್ಧಗ್ರಂಥಿಗಳನ್ನು ಮೊದಲು ಎಲ್ಲವನ್ನೂ ತೆಗೆಯುತ್ತಿದ್ದರು. ಅದರಿಂದ ಲಾಭವಿಲ್ಲ, ತೊಂದರೆ ಹೆಚ್ಚು ಎಂದು 2019ರ ಅಧ್ಯಯನದಿಂದ ಗೊತ್ತಾದ ಮೇಲೆ ಊದಿದ್ದನ್ನು ಮಾತ್ರ ತೆಗೆಯುತ್ತಾರೆ.

ಉಮ್ಮನ ಆಪರೇಷನ್‌ಗೆ ಐದು ಗಂಟೆ ಹಿಡಿಯಿತು. ಹೊರಗೆ ಕಾಯುತ್ತಿದ್ದ ಮಗಳು ಕೇಳಬೇಕಾದ ಪ್ರಶ್ನೆ 'ಆಪರೇಷನ್ ಸಕ್ಸೆಸ್ ಆಯಿತಾ' ಎಂಬುದಲ್ಲ. 'ಕಣ್ಣಿಗೆ ಕಾಣುವಂಥದ್ದು ಏನಾದರೂ ಉಳಿದಿದೆಯೇ, ಉಳಿದಿದ್ದರೆ ಎಲ್ಲಿ, ಎಷ್ಟು ದೊಡ್ಡದು?' ಎಂದು ಕೇಳಬೇಕು. ಬಿಡುಗಡೆ ಪತ್ರದಲ್ಲಿ ಅದು ಬರೆದಿರಬೇಕು, ಇಲ್ಲದಿದ್ದರೆ ಬರೆಸಿಕೊಳ್ಳಿ. ಮುಂದೆ ಯಾವ ಊರಿನ ಯಾವ ಡಾಕ್ಟರರ ಬಳಿ ಹೋದರೂ ಅವರು ಮೊದಲು ಹುಡುಕುವ ಸಾಲು ಅದೇ. ಉಮ್ಮನ ಪತ್ರದಲ್ಲಿ 'ಕಣ್ಣಿಗೆ ಕಾಣುವ ಕಾಯಿಲೆ ಉಳಿದಿಲ್ಲ' ಎಂದಿತ್ತು. ಗಾಯ ಮಾಗಿ, ಮತ್ತೆ ಮೂರು ಡ್ರಿಪ್ ಮುಗಿಯಿತು.

ಇನ್ನು ಹೇಳಲು ಕಷ್ಟವಾದ ಮಾತು. ಎಲ್ಲವೂ ಸರಿಯಾಗಿ ನಡೆದರೂ, ಮೂರನೇ ಹಂತದ ಕಾಯಿಲೆ ಬಹುಪಾಲು ಮಂದಿಯಲ್ಲಿ ಕೆಲವು ವರ್ಷಗಳಲ್ಲಿ ಮರಳುತ್ತದೆ. ಇದನ್ನು ಮುಚ್ಚಿಟ್ಟು 'ಪೂರ್ತಿ ವಾಸಿಯಾಯಿತು' ಎನ್ನುವುದು ಕರುಣೆಯಂತೆ ಕಂಡರೂ, ಮುಂದಿನ ತಪಾಸಣೆ ತಪ್ಪಿಸಲು ಅದೇ ದಾರಿಯಾಗುತ್ತದೆ. ಕೊನೆಯ ಪ್ಲಾಟಿನಂ ಡ್ರಿಪ್ ಆಗಿ ಆರು ತಿಂಗಳ ನಂತರ ಮರಳಿದರೆ ಅದೇ ಪ್ಲಾಟಿನಂ ಮತ್ತೆ ಕೆಲಸ ಮಾಡುವ ಸಾಧ್ಯತೆ ಚೆನ್ನಾಗಿದೆ. ಅದಕ್ಕಿಂತ ಬೇಗ ಮರಳಿದರೆ ಬೇರೆ ಔಷಧಿಗೆ ಹೋಗಬೇಕಾಗುತ್ತದೆ. ಹಾಗಾಗಿ ಕೊನೆಯ ಡ್ರಿಪ್‌ನ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ಎರಡನೆಯ ಸುತ್ತಿನಲ್ಲಿ ಕಾರ್ಬೋಪ್ಲಾಟಿನ್ ಅಲರ್ಜಿ ಕಾಣಿಸಿಕೊಳ್ಳುವುದುಂಟು. ಡ್ರಿಪ್ ಹರಿಯುತ್ತಿರುವಾಗ ಅಂಗೈ ತುರಿಸಿದರೆ, ಮುಖ ಕೆಂಪಾದರೆ ಸುಮ್ಮನಿರದೆ ನರ್ಸನ್ನು ಕೂಗಬೇಕು.

ಚಿಕಿತ್ಸೆ ಮುಗಿದ ಮೇಲೆ ವೈದ್ಯರು ಬಿಆರ್‌ಸಿಎ ಎಂಬ ಜೀನ್ ಪರೀಕ್ಷೆ ಸೂಚಿಸಿದರೆ ಅದನ್ನು ದುಡ್ಡಿನ ದಂಡವೆಂದು ತಳ್ಳಿಹಾಕಬೇಡಿ. ಆ ಜೀನ್‌ನಲ್ಲಿ ದೋಷವಿದ್ದವರಿಗೆ ಒಲಾಪರಿಬ್ ಎಂಬ ಮಾತ್ರೆ ಕಾಯಿಲೆ ಮರಳುವುದನ್ನು ಬಹಳ ಮುಂದೂಡುತ್ತದೆ ಎಂದು 2018ರಲ್ಲಿ ತಿಳಿದುಬಂತು. ಮಾತ್ರೆ ದುಬಾರಿ, ಅದಕ್ಕೆ ನೆರವು ಸಿಗುತ್ತದೆಯೇ ಎಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಬಳಿ ವಿಚಾರಿಸಿ. ಪರೀಕ್ಷೆಯ ಇನ್ನೊಂದು ಉಪಯೋಗ ಮಕ್ಕಳಿಗೆ. ದೋಷವಿರುವ ತಾಯಿಯ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ತಂದೆಯ ಕಡೆಯಿಂದಲೂ ಬರುತ್ತದೆ. ಆದ್ದರಿಂದ ಡಾಕ್ಟರರು 'ಮನೆಯಲ್ಲಿ ಯಾರಿಗಾದರೂ ಇತ್ತೇ' ಎಂದರೆ ತಾಯಿಯ ಕಡೆಯವರನ್ನಷ್ಟೇ ನೆನೆದು ನಿಲ್ಲಿಸಬಾರದು. ಬಾಪಾನ ಅಕ್ಕತಂಗಿಯರಿಗೆ ಸ್ತನದ ಕ್ಯಾನ್ಸರ್ ಇತ್ತೇ ಎಂಬುದೂ ಅಷ್ಟೇ ಮುಖ್ಯ. ದೋಷವಿರುವ ಹೆಣ್ಣುಮಕ್ಕಳು ಮಕ್ಕಳಾದ ಮೇಲೆ, ವೈದ್ಯರು ಹೇಳಿದ ವಯಸ್ಸಿನಲ್ಲಿ, ಅಂಡಾಶಯ ಮತ್ತು ಅಂಡನಾಳವನ್ನು ಮುಂಚೆಯೇ ತೆಗೆಸಿಕೊಳ್ಳಬಹುದು. ಪತ್ತೆಹಚ್ಚುವ ಪರೀಕ್ಷೆಗಳು ಕೈಕೊಡುವ ಈ ಕಾಯಿಲೆಯಲ್ಲಿ, ಅಂಥ ಮನೆಗಳಿಗೆ ಅದೊಂದು ದೊಡ್ಡ ರಕ್ಷಣೆ.

ಉಮ್ಮ ಈಗ ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತಾರೆ. ಮಗಳು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಹೊಟ್ಟೆ ಉಬ್ಬರಿಸಿದ ದಿನಗಳಿಗೆ ಗುರುತು ಹಾಕುತ್ತಿದ್ದಾಳೆ. ಈ ತಿಂಗಳು ಎರಡೇ ಗುರುತು, ಎರಡೂ ಪೆರ್ನಾಳ್ ಊಟದ ಮರುದಿನ.